ಕೆಂಪು, ಹಳದಿ, ಹಸಿರು: ಸ್ಟಾಕ್ ಓದುವ ಇನ್ನೊಂದು ಬಗೆ

ಬೆಂಗಳೂರಿನ ಪೀಣ್ಯದಲ್ಲಿ ನೀರಾವರಿ ಪಂಪ್ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಮೋಟರಿಗೆ 6204 ಎಂಬ ನಂಬರಿನ ಬಾಲ್ ಬೇರಿಂಗ್ ಬೇಕು. ಹೊರ ವ್ಯಾಸ 47 ಮಿಲಿಮೀಟರ್, ಅಂಗೈಯಲ್ಲಿ ಹಿಡಿಯಬಹುದಾದ ವಸ್ತು. ಆದರೆ ಅದು ಸ್ಟೋರ್‌ನಲ್ಲಿ ಮುಗಿದರೆ ಮೋಟರಿನ ಉಳಿದೆಲ್ಲ ಭಾಗಗಳು ಸಿದ್ಧವಿದ್ದರೂ ಪಂಪ್ ಹೊರಗೆ ಹೋಗುವುದಿಲ್ಲ. ಹಾಗೆಂದು ಆರು ತಿಂಗಳಿಗಾಗುವಷ್ಟು ತಂದಿಟ್ಟರೆ ಬ್ಯಾಂಕಿನ ಬಡ್ಡಿ ಕಪಾಟಿನಲ್ಲೇ ಕೂತಿರುತ್ತದೆ. ಯಾವಾಗ ತರಿಸಬೇಕು, ಎಷ್ಟು ತರಿಸಬೇಕು ಎನ್ನುವ ಈ ಎರಡು ಪ್ರಶ್ನೆಗಳಿಗೆ ಸ್ಟೋರ್‌ನವರು ದಿನವೂ ಉತ್ತರ ಕೊಡಬೇಕು.

ಇದಕ್ಕೆ ನೂರು ವರ್ಷದ ಲೆಕ್ಕವೇ ಇದೆ. 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಕಡಿಮೆ ಎಂಬ ಸೂತ್ರವನ್ನು ಪ್ರಕಟಿಸಿದರು. 1934ರಲ್ಲಿ ಆರ್. ಎಚ್. ವಿಲ್ಸನ್ ಅದಕ್ಕೆ ಯಾವಾಗ ತರಿಸಬೇಕು ಎಂಬುದನ್ನೂ ಜೋಡಿಸಿದರು. ಸ್ಟಾಕ್ ಒಂದು ಮಟ್ಟಕ್ಕೆ ಇಳಿದ ಕೂಡಲೇ ಆರ್ಡರ್ ಕೊಡಬೇಕು ಎನ್ನುವ ಆ ಮಟ್ಟವೇ ರೀಆರ್ಡರ್ ಪಾಯಿಂಟ್. ಇತ್ತೀಚಿನ ದಶಕಗಳಲ್ಲಿ ಕ್ಯಾರಲ್ ಟಾಕ್ ಮತ್ತು ಚಾಡ್ ಸ್ಮಿತ್ ರೂಪಿಸಿದ ಬೇಡಿಕೆ ಆಧಾರಿತ ಮರುಪೂರಣ ಪದ್ಧತಿಯಲ್ಲಿ ಆ ಒಂದು ಗೆರೆಯ ಜಾಗದಲ್ಲಿ ಕೆಂಪು, ಹಳದಿ, ಹಸಿರು ಎಂಬ ಮೂರು ಪಟ್ಟಿಗಳಿವೆ. ಒಟ್ಟಾರೆ ಇದಕ್ಕೆ ಬಫರ್ ಎನ್ನುತ್ತಾರೆ. ಹಳೆಯ ಗೆರೆಗೆ ಬಣ್ಣ ಬಳಿದದ್ದಷ್ಟೇ ಇದು ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಆ ಮಾತು ಎಷ್ಟು ಸರಿ ಎಂಬುದನ್ನು ಬೇರಿಂಗಿನ ಲೆಕ್ಕ ಹಾಕಿಯೇ ನೋಡಬೇಕು.

ಮೂರು ಪಟ್ಟಿ ಹುಟ್ಟುವ ಬಗೆ

ನಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಸರಾಸರಿ 40 ಬೇರಿಂಗ್ ಖರ್ಚಾಗುತ್ತವೆ ಎಂದುಕೊಳ್ಳೋಣ. ಆರ್ಡರ್ ಕೊಟ್ಟ ಮೇಲೆ ಮಾಲು ಬರಲು 10 ಕೆಲಸದ ದಿನ ಬೇಕು. ಇದು ಲೀಡ್ ಟೈಮ್. ಸಪ್ಲೈಯರ್ 300ಕ್ಕಿಂತ ಕಡಿಮೆ ಕೊಡುವುದಿಲ್ಲ.

ಮೊದಲು ಹಳದಿ. ಮಾಲು ದಾರಿಯಲ್ಲಿರುವ 10 ದಿನಗಳಲ್ಲಿ ಆಗುವ ಖರ್ಚು 40ರ ಹತ್ತರಷ್ಟು, ಅಂದರೆ 400. ಇದೇ ಹಳದಿ ಪಟ್ಟಿಯ ಅಗಲ.

ಆಮೇಲೆ ಕೆಂಪು. ಇದು ಕಷ್ಟಕಾಲದ ಕಾಪು, ಎರಡು ಹೆಜ್ಜೆಯಲ್ಲಿ ಸಿಗುತ್ತದೆ. ಲೀಡ್ ಟೈಮ್ ಎಷ್ಟು ದೊಡ್ಡದು ಎಂಬುದನ್ನು ನೋಡಿ ಹಳದಿಯ ಒಂದು ಭಾಗವನ್ನು ತೆಗೆದುಕೊಳ್ಳುತ್ತಾರೆ. ಲೀಡ್ ಟೈಮ್ ಮಧ್ಯಮವಾಗಿದ್ದರೆ ಸುಮಾರು ಅರ್ಧ. ನಮಗೆ 200 ಆಯಿತು. ಇನ್ನು ಬೇಡಿಕೆ ಮತ್ತು ಸರಬರಾಜು ಎಷ್ಟು ಏರುಪೇರಾಗುತ್ತವೆ ಎಂಬುದನ್ನು ನೋಡಿ ಆ 200ರ ಒಂದು ಭಾಗವನ್ನು ಮೇಲೆ ಸೇರಿಸುತ್ತಾರೆ. ಏರುಪೇರು ಮಧ್ಯಮವಾಗಿದ್ದರೆ ಇಲ್ಲಿಯೂ ಅರ್ಧ, ಅಂದರೆ 100. ಒಟ್ಟು ಕೆಂಪು 300.

ಕೊನೆಗೆ ಹಸಿರು. ಒಂದು ಸಲದ ಆರ್ಡರ್ ಸಾಮಾನ್ಯವಾಗಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಇದು ಹೇಳುತ್ತದೆ. ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಆರಿಸಬೇಕು: ಹಳದಿಯಿಂದ ತೆಗೆದ ಆ 200, ಸಪ್ಲೈಯರ್ ಕೊಡುವ ಕನಿಷ್ಠ ಮಾಲಾದ 300, ಅಥವಾ ವಾರಕ್ಕೊಮ್ಮೆ ಆರ್ಡರ್ ಮಾಡುವ ರೂಢಿಯಿದ್ದರೆ ಆರು ದಿನದ ಖರ್ಚಾದ 240. ದೊಡ್ಡದು 300. ಹಾಗಾಗಿ ಹಸಿರು 300. ಸುಮಾರು ಏಳೂವರೆ ದಿನಕ್ಕೊಮ್ಮೆ ಆರ್ಡರ್ ಹೋಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಕೆಳಗಿನಿಂದ ಮೇಲಕ್ಕೆ ಜೋಡಿಸಿದರೆ 300ರವರೆಗೆ ಕೆಂಪು, 700ರವರೆಗೆ ಹಳದಿ, 1000ದವರೆಗೆ ಹಸಿರು. ನಿಯಮ ಸರಳ: ಲೆಕ್ಕ ಹಾಕಿದ ಸಂಖ್ಯೆ ಹಳದಿಯ ತುದಿಯಾದ 700ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ಹಸಿರಿನ ತುದಿಯಾದ 1000ಕ್ಕೆ ಮುಟ್ಟುವಷ್ಟು ಆರ್ಡರ್ ಕೊಡಬೇಕು.

ಈಗ ಹಳೆಯ ಪದ್ಧತಿಯ ಲೆಕ್ಕ. ರೀಆರ್ಡರ್ ಪಾಯಿಂಟ್ ಎಂದರೆ ಲೀಡ್ ಟೈಮಿನ ಖರ್ಚಿಗೆ ಕಾಪು ಸ್ಟಾಕನ್ನು ಕೂಡಿಸಿದ ಮೊತ್ತ. ಖರ್ಚು 400. ಕಾಪು ಸ್ಟಾಕನ್ನೂ 300 ಎಂದೇ ಇಟ್ಟುಕೊಂಡರೆ ಉತ್ತರ 700. ಅಂದರೆ ಎರಡೂ ಪದ್ಧತಿಗಳ ಗೆರೆ ಒಂದೇ ಕಡೆ ಬಂತು. ಬಣ್ಣ ಬಳಿದದ್ದಷ್ಟೇ ಎನ್ನುವವರ ವಾದಕ್ಕೆ ಇಲ್ಲಿಯವರೆಗೆ ಬಲವಿದೆ, ಅದನ್ನು ಒಪ್ಪಬೇಕು. ನಿಜವಾದ ವ್ಯತ್ಯಾಸ ಗೆರೆ ಎಲ್ಲಿದೆ ಎಂಬುದರಲ್ಲಿಲ್ಲ. ಆ ಗೆರೆಯ ಪಕ್ಕ ಯಾವ ಸಂಖ್ಯೆಯನ್ನು ತಂದು ನಿಲ್ಲಿಸುತ್ತೇವೆ, ಗೆರೆ ಯಾವಾಗ ಸರಿಯುತ್ತದೆ, ಗೆರೆ ದಾಟಿದ ಮೇಲೆ ಏನು ಮಾಡುತ್ತೇವೆ ಎಂಬ ಮೂರರಲ್ಲಿ ಅದು ಇದೆ.

ಗೆರೆಯ ಪಕ್ಕ ನಿಲ್ಲುವ ಸಂಖ್ಯೆ

ರೀಆರ್ಡರ್ ಪಾಯಿಂಟನ್ನು ಕೈಯಲ್ಲಿರುವ ಸ್ಟಾಕಿಗೆ ಮಾತ್ರ ಹೋಲಿಸುವವರು ಇದ್ದಾರೆ. ಅದು ಆ ಪದ್ಧತಿಯ ತಪ್ಪಲ್ಲ, ಬಳಕೆಯ ತಪ್ಪು. ಸರಿಯಾಗಿ ಬಳಸುವವರು ಕೈಯಲ್ಲಿರುವುದಕ್ಕೆ ಬರಬೇಕಾದ ಮಾಲನ್ನು ಕೂಡಿಸಿ, ಕೊಡಬೇಕಾಗಿ ಬಾಕಿ ಉಳಿದದ್ದನ್ನು ಕಳೆಯುತ್ತಾರೆ. ಬೇಡಿಕೆ ಆಧಾರಿತ ಪದ್ಧತಿ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಾಕಿ ಉಳಿದದ್ದು, ಇವತ್ತು ಕೊಡಬೇಕಾದದ್ದು ಇವುಗಳ ಜೊತೆಗೆ ಮುಂದೆ ಬರಲಿರುವ ದೊಡ್ಡ ಬೇಡಿಕೆಯನ್ನೂ ಇವತ್ತೇ ಕಳೆಯುತ್ತದೆ. ಹೀಗೆ ಸಿಗುವ ಸಂಖ್ಯೆಗೆ ನೆಟ್ ಫ್ಲೋ ಎಂದು ಹೆಸರು.

ಯಾವುದು ದೊಡ್ಡ ಬೇಡಿಕೆ? ಅದಕ್ಕೂ ಅಳತೆಯಿದೆ. ಎಷ್ಟು ದಿನ ಮುಂದೆ ನೋಡಬೇಕು ಮತ್ತು ಒಂದು ದಿನದ ಬೇಡಿಕೆ ಎಷ್ಟು ದಾಟಿದರೆ ದೊಡ್ಡದು ಎನ್ನಬೇಕು ಎಂಬ ಎರಡನ್ನು ಮೊದಲೇ ನಿಗದಿ ಮಾಡಿರುತ್ತಾರೆ. ನಮ್ಮ ಕಾರ್ಖಾನೆ ಲೀಡ್ ಟೈಮಿನಷ್ಟು, ಅಂದರೆ 10 ದಿನ ಮುಂದೆ ನೋಡುತ್ತದೆ. ಕೆಂಪು ಪಟ್ಟಿಯ ಅರ್ಧವಾದ 150ನ್ನು ದಾಟಿದ ದಿನದ ಬೇಡಿಕೆಯನ್ನು ದೊಡ್ಡದೆಂದು ಗುರುತಿಸುತ್ತದೆ.

ಒಂದು ಬೆಳಿಗ್ಗೆ ಸ್ಟೋರ್‌ನಲ್ಲಿ 420 ಬೇರಿಂಗ್ ಇವೆ. ಬರಬೇಕಾದವು 500, ಐದನೇ ದಿನದ ಸಂಜೆ ಬರುತ್ತವೆ. ಇವತ್ತಿನ ಖರ್ಚು 40. ಆರ್ಡರ್ ಪುಸ್ತಕದಲ್ಲಿ ಒಬ್ಬ ಡೀಲರ್‌ನ ದೊಡ್ಡ ಬೇಡಿಕೆ ಬಂದಿದೆ. ಅದರಿಂದ ಒಂಬತ್ತನೇ ದಿನ ಒಟ್ಟು 280 ಬೇರಿಂಗ್ ಬೇಕಾಗುತ್ತವೆ.

ಹಳೆಯ ಲೆಕ್ಕದಲ್ಲಿ 420ಕ್ಕೆ 500 ಕೂಡಿಸಿ 40 ಕಳೆದರೆ 880. ಗೆರೆ 700. ಇವತ್ತು ಆರ್ಡರ್ ಬೇಡ. ದಿನಕ್ಕೆ 40ರಂತೆ ಇಳಿಯುತ್ತ ಆರನೇ ದಿನದ ಸಂಜೆ ಈ ಸಂಖ್ಯೆ 680ಕ್ಕೆ ಬಂದಾಗ ಆರ್ಡರ್ ಹೋಗುತ್ತದೆ, ಮಾಲು ಹದಿನಾರನೇ ದಿನದ ಸಂಜೆ ಬರುತ್ತದೆ. ಈ ನಡುವೆ ಒಂಬತ್ತನೇ ದಿನ 280 ಒಮ್ಮೆಗೇ ಹೋಗಿರುತ್ತದೆ. ಹದಿನಾರನೇ ದಿನದ ಸಂಜೆ ಲಾರಿ ಬರುವ ಹೊತ್ತಿಗೆ ಸ್ಟೋರ್‌ನಲ್ಲಿ ಉಳಿದಿರುವುದು 40, ಒಂದು ದಿನದ ಖರ್ಚು. ಕಾಪಿಗೆಂದು ಇಟ್ಟ 300 ಹೆಚ್ಚುಕಡಿಮೆ ಪೂರ್ತಿ ಕರಗಿದೆ. ಲಾರಿ ಎರಡು ದಿನ ತಡವಾದರೆ ಅಸೆಂಬ್ಲಿ ನಿಲ್ಲುತ್ತದೆ.

ನೆಟ್ ಫ್ಲೋ ಲೆಕ್ಕದಲ್ಲಿ ಅದೇ 880ರಿಂದ 280ನ್ನು ಇವತ್ತೇ ಕಳೆಯುತ್ತಾರೆ. ಉಳಿದದ್ದು 600, ಹಳದಿಯ ಒಳಗೆ. ಆದ್ದರಿಂದ 1000ಕ್ಕೆ ಮುಟ್ಟಲು 400ರ ಆರ್ಡರ್ ಇವತ್ತೇ ಹೋಗುತ್ತದೆ, ಹತ್ತನೇ ದಿನದ ಸಂಜೆ ಮಾಲು ಬರುತ್ತದೆ. ಆಗ ಸ್ಟೋರ್‌ನಲ್ಲಿ 280 ಉಳಿದಿರುತ್ತದೆ, ಅದಕ್ಕೆ 400 ಸೇರಿ 680 ಆಗುತ್ತದೆ. ಕಾಪು ಸ್ಟಾಕನ್ನು ಸ್ವಲ್ಪ ಮಾತ್ರ ಮುಟ್ಟಿದ್ದಾಯಿತು.

ಗೆರೆ ಎರಡು ಕಡೆಯೂ 700. ಆದರೆ ಒಂದು ಪದ್ಧತಿ ಆರು ದಿನ ಕಾಯಿತು, ಇನ್ನೊಂದು ಕಾಯಲಿಲ್ಲ. ಡೀಲರ್‌ನ ಆರ್ಡರ್ ಸೇಲ್ಸ್ ವಿಭಾಗಕ್ಕೆ ಮೊದಲ ದಿನವೇ ಗೊತ್ತಿತ್ತು. ಹಳೆಯ ಲೆಕ್ಕದಲ್ಲಿ ಆ ಸುದ್ದಿ ಸ್ಟೋರ್‌ಗೆ ತಲುಪುವ ದಾರಿಯೇ ಇರಲಿಲ್ಲ. ಇಲ್ಲಿ ಮುನ್ನಂದಾಜಿನ ಮಾತೂ ಇಲ್ಲ. ಕೈಗೆ ಬಂದ ಖಚಿತ ಆರ್ಡರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದೆ.

ಗೆರೆ ಯಾವಾಗ ಸರಿಯುತ್ತದೆ

ನೀರಾವರಿ ಪಂಪಿಗೆ ಬೇಸಿಗೆಯಲ್ಲಿ ಬೇಡಿಕೆ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಬೇಸಿಗೆಯಲ್ಲಿ ದಿನದ ಖರ್ಚು 60 ಆಯಿತೆನ್ನೋಣ. ಹತ್ತು ದಿನಕ್ಕೆ 600 ಬೇಕು. ಗೆರೆ 700ರಲ್ಲೇ ನಿಂತಿದ್ದರೆ ಕಾಪಿಗೆ ಉಳಿಯುವುದು 100 ಮಾತ್ರ. ಕಾಗದದಲ್ಲಿ 300ರ ಕಾಪು ಎಂದು ಬರೆದದ್ದು ಹಾಗೇ ಇದೆ, ನಿಜದಲ್ಲಿ ಅದು ಮೂರನೇ ಒಂದಕ್ಕೆ ಕುಸಿದಿದೆ. ಮಳೆಗಾಲದಲ್ಲಿ ಖರ್ಚು 20ಕ್ಕೆ ಇಳಿದರೆ ಅದೇ 700 ಎಂಬುದು 35 ದಿನದ ಮಾಲು. ಸ್ಟೋರ್‌ನಲ್ಲಿ ರಾಶಿ ಬಿದ್ದಿರುವಾಗಲೇ ಇನ್ನಷ್ಟು ತರಿಸಿರೆಂದು ಲೆಕ್ಕ ಹೇಳುತ್ತಿರುತ್ತದೆ.

ಬಣ್ಣದ ಬಫರಿನಲ್ಲಿ ಅಗಲಗಳೆಲ್ಲ ದಿನದ ಸರಾಸರಿ ಖರ್ಚಿನಿಂದ ಹುಟ್ಟುತ್ತವೆ. ಆ ಸರಾಸರಿಯನ್ನು ನಿಯಮಿತವಾಗಿ ಹೊಸದಾಗಿ ಲೆಕ್ಕ ಹಾಕುತ್ತಾರೆ. ಖರ್ಚು 60 ಆದಾಗ ಹಳದಿ 600, ಕೆಂಪು 450, ಹಸಿರು 360. ಆರ್ಡರ್ ಗೆರೆ 1050ಕ್ಕೆ ಏರುತ್ತದೆ. ಖರ್ಚು 20 ಆದಾಗ ಹಳದಿ 200, ಕೆಂಪು 150; ಗೆರೆ 350ಕ್ಕೆ ಇಳಿಯುತ್ತದೆ. ಹಸಿರು ಮಾತ್ರ 300ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಏಕೆಂದರೆ ಸಪ್ಲೈಯರ್‌ನ ಕನಿಷ್ಠ ಮಾಲು ಬದಲಾಗಿಲ್ಲ. ಸುಮ್ಮನೆ ಕೂತ ಮಾಲಿನಲ್ಲಿ ನಮ್ಮ ಬೇಡಿಕೆಯ ಪಾಲೆಷ್ಟು, ಸಪ್ಲೈಯರ್‌ನ ಷರತ್ತಿನ ಪಾಲೆಷ್ಟು ಎಂಬುದು ಹೀಗೆ ಬೇರೆಬೇರೆಯಾಗಿ ಕಾಣುತ್ತದೆ. 150 ಕೊಡಲು ಒಪ್ಪುತ್ತೀರಾ ಎಂದು ಸಪ್ಲೈಯರ್‌ನನ್ನು ಕೇಳಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ರೀಆರ್ಡರ್ ಪಾಯಿಂಟನ್ನೂ ಹೀಗೆ ಸರಿಸಬಹುದಲ್ಲವೇ? ಸರಿಸಬಹುದು. ನಮ್ಮ ಸಣ್ಣ ಉದ್ದಿಮೆಗಳಲ್ಲಿ ಬಳಕೆಯಲ್ಲಿರುವ, ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ರೀಆರ್ಡರ್ ಮಟ್ಟವನ್ನು ಒಂದು ಸ್ಥಿರ ಸಂಖ್ಯೆಯಾಗಿ ಕೊಡಬಹುದು, ಹಿಂದಿನ ಬಳಕೆಯ ಆಧಾರದ ಮೇಲೂ ಇಡಬಹುದು. ಆದರೆ ಸರಿಸುವುದು ಆ ಪದ್ಧತಿಯ ಅಂಗವಲ್ಲ, ಯಾರಾದರೂ ನೆನಪಿಟ್ಟು ಮಾಡಬೇಕಾದ ಕೆಲಸ. ಸಾವಿರ ಐಟಂ ಇರುವ ಸ್ಟೋರ್‌ನಲ್ಲಿ ಒಮ್ಮೆ ಹಾಕಿದ ಸಂಖ್ಯೆ ವರ್ಷಗಟ್ಟಲೆ ಹಾಗೇ ಉಳಿದುಬಿಡುವುದು ಹೀಗೆ.

ಹಾಗೆಂದು ಹೊಸ ಲೆಕ್ಕಕ್ಕೂ ಮುಂದಿನದು ಕಾಣುವುದಿಲ್ಲ. ಸರಾಸರಿ ಎಂದರೆ ಕಳೆದ ದಿನಗಳ ಸರಾಸರಿ. ಕಳೆದ ಮೂರು ತಿಂಗಳ ಸರಾಸರಿ ಹಿಡಿದರೆ ಬೇಸಿಗೆಯ ಏರಿಕೆ ಅದರಲ್ಲಿ ಪೂರ್ತಿ ಮೂಡುವಷ್ಟರಲ್ಲಿ ಬೇಸಿಗೆಯೇ ಮುಗಿಯುತ್ತದೆ. ಆದ್ದರಿಂದ ಗೊತ್ತಿರುವ ಸೀಸನ್‌ಗೆ ಮೊದಲೇ ಒಂದು ಹೆಚ್ಚಳವನ್ನು ಕೈಯಿಂದ ಕೊಡುತ್ತಾರೆ. ಇಂಥ ವಾರದಿಂದ ಖರ್ಚನ್ನು ಒಂದೂವರೆ ಪಟ್ಟು ಎಂದು ಹಿಡಿಯಿರಿ, ಇಂಥ ವಾರದಿಂದ ಮತ್ತೆ ಮೊದಲಿನಂತೆ ಎಂದು ಬರೆದಿಡುತ್ತಾರೆ. ಇಳಿಸುವ ವಾರವನ್ನು ಮರೆತರೆ ಮಳೆಗಾಲದ ರಾಶಿ ಈ ಪದ್ಧತಿಯಲ್ಲೂ ತಪ್ಪುವುದಿಲ್ಲ.

ಒಂದೇ ಐಟಂಗೆ ಎರಡು ಬಣ್ಣ

ಹೊಸದಾಗಿ ಬಳಸುವವರು ಹೆಚ್ಚು ಎಡವುವುದು ಇಲ್ಲಿ. ಈ ಬಣ್ಣಗಳನ್ನು ಎರಡು ಬೇರೆ ಪ್ರಶ್ನೆಗಳಿಗೆ ಬಳಸುತ್ತಾರೆ. ಹೊಸ ಆರ್ಡರ್ ಕೊಡಬೇಕೇ ಎಂಬುದು ಒಂದು. ಅದಕ್ಕೆ ನೆಟ್ ಫ್ಲೋ ನೋಡಬೇಕು. ಕೊಟ್ಟ ಆರ್ಡರಿನ ಬೆನ್ನು ಹತ್ತಬೇಕೇ ಎಂಬುದು ಇನ್ನೊಂದು. ಅದಕ್ಕೆ ಕೈಯಲ್ಲಿರುವ ಸ್ಟಾಕ್ ನೋಡಬೇಕು.

ಬೇರೊಂದು ದಿನ ಸ್ಟೋರ್‌ನಲ್ಲಿ 120 ಬೇರಿಂಗ್ ಇವೆ, ಬರಬೇಕಾದವು 800, ಇವತ್ತಿನ ಖರ್ಚು 40. ನೆಟ್ ಫ್ಲೋ 880, ಹಸಿರು. ಕೈಯಲ್ಲಿರುವುದು ಮಾತ್ರ 300ರ ಕೆಂಪು ಪಟ್ಟಿಯಲ್ಲಿ ಶೇ 40ಕ್ಕೆ ಇಳಿದಿದೆ. ಒಂದು ಹಸಿರು, ಒಂದು ಕೆಂಪು, ಎರಡೂ ನಿಜ. ಬೇಕಾದಷ್ಟು ಆರ್ಡರ್ ಕೊಟ್ಟಾಗಿದೆ, ಆದರೆ ಮಾಲು ಬಂದಿಲ್ಲ ಎಂಬುದು ಇದರ ಅರ್ಥ. ಈಗ ಪರ್ಚೇಸ್‌ನವರು ಮಾಡಬೇಕಾದ ಕೆಲಸ ಸಪ್ಲೈಯರ್‌ಗೆ ಫೋನ್ ಮಾಡಿ, "ಅಣ್ಣಾ, 800ರಲ್ಲಿ ನಾಳೆಗೆ 200 ಆದರೂ ಕಳಿಸಿಕೊಡಿ" ಎನ್ನುವುದು. ಕೈಯಲ್ಲಿ ಕಡಿಮೆ ಇದೆಯೆಂದು ಹೆದರಿ ಇನ್ನೂ 500ಕ್ಕೆ ಆರ್ಡರ್ ಹಾಕಿದರೆ ಇವತ್ತಿನ ಕೊರತೆ ನೀಗುವುದಿಲ್ಲ. ಹತ್ತು ದಿನದ ಮೇಲೆ ರಾಶಿ ಬೀಳುತ್ತದೆ, ಅಷ್ಟೇ.

ಫೋನ್ ಯಾರಿಗೆ ಮೊದಲು ಎಂಬುದಕ್ಕೂ ಬಣ್ಣವೇ ಉತ್ತರ ಕೊಡುತ್ತದೆ. ಮೋಟರಿನ ಒಂದು ಸೀಲ್‌ಗೆ ಕೆಂಪು ಪಟ್ಟಿ 100ರವರೆಗೆ. ಕೈಯಲ್ಲಿ 90 ಇವೆ ಎನ್ನೋಣ. ಸಂಖ್ಯೆ ನೋಡಿದರೆ 90 ಸೀಲ್, 120 ಬೇರಿಂಗ್, ಸೀಲೇ ಕಡಿಮೆ. ಆರ್ಡರ್ ಗೆರೆ ನೋಡಿದರೆ ಎರಡೂ ಅದರ ಕೆಳಗೇ ಇವೆ, ಯಾವುದು ತುರ್ತು ಎಂದು ಗೆರೆ ಹೇಳುವುದಿಲ್ಲ. ತಾರೀಖು ನೋಡಿದರೆ ಎರಡೂ ಗುರುವಾರ ಬರಬೇಕು. ಕೆಂಪಿನಲ್ಲಿ ಎಷ್ಟು ಉಳಿದಿದೆ ಎಂದು ಕೇಳಿದರೆ ಮಾತ್ರ ಸೀಲ್ ಶೇ 90, ಬೇರಿಂಗ್ ಶೇ 40 ಎಂದು ಬಿಡಿಸಿ ಹೇಳಬಹುದು. ಮೊದಲ ಫೋನ್ ಬೇರಿಂಗಿಗೆ.

ಇನ್ನೊಂದು ತಪ್ಪೂ ಇದೆ. ಬಣ್ಣಗಳನ್ನು ಟ್ರಾಫಿಕ್ ಸಿಗ್ನಲ್‌ನಂತೆ ಓದಿ, ಸ್ಟಾಕ್ ಸದಾ ಹಸಿರಿನಲ್ಲಿರಬೇಕು ಎಂದು ಮ್ಯಾನೇಜರ್ ಹೇಳುವುದು. ಕೈಯಲ್ಲಿರುವ ಸ್ಟಾಕಿನ ಸರಾಸರಿ ಎಷ್ಟಿರಬೇಕೆಂಬುದು ಬಫರಿನಲ್ಲೇ ಇದೆ: ಕೆಂಪಿನ ಮೇಲೆ ಹಸಿರಿನ ಅರ್ಧ. ನಮ್ಮ ಬೇರಿಂಗಿಗೆ 300ಕ್ಕೆ 150 ಸೇರಿ 450. ಮಾಲು ಬಂದಾಗ 600ರ ಆಸುಪಾಸಿಗೆ ಏರಿ, ಮತ್ತೆ 300ರ ಆಸುಪಾಸಿಗೆ ಇಳಿಯಬೇಕು. ಅಂದರೆ ಎಲ್ಲ ಸರಿಯಾಗಿ ನಡೆಯುವಾಗ ಕಪಾಟಿನ ಸ್ಟಾಕ್ ಹಳದಿಯಲ್ಲಿರುತ್ತದೆ. ಹಳದಿಯ ಮೇಲುಭಾಗ ಮತ್ತು ಹಸಿರು, ದಾರಿಯಲ್ಲಿರುವ ಮಾಲಿನ ಜಾಗ. ಕಪಾಟಿನಲ್ಲೇ 900 ಇದ್ದರೆ ಅದು ಸುಭದ್ರ ಸ್ಥಿತಿಯಲ್ಲ, ಎರಡು ಪಟ್ಟು ದುಡ್ಡು ಕಟ್ಟಿಹಾಕಿದ ಸ್ಥಿತಿ.

ಎಲ್ಲಿ ಕೆಲಸ ಮಾಡುವುದಿಲ್ಲ

ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವ ದೊಡ್ಡ ಶಾಫ್ಟಿಗೆ ದಿನದ ಸರಾಸರಿ ಎಂದರೆ ಅರ್ಥವಿಲ್ಲದ ಭಿನ್ನರಾಶಿ. ಅದಕ್ಕೆ ಹಳೆಯ ರೀಆರ್ಡರ್ ಪಾಯಿಂಟ್ ಅಥವಾ ಬೇಕಾದಾಗ ತರಿಸುವ ಕ್ರಮವೇ ಮೇಲು. ಒಂದು ಡಬ್ಬಿ ಮುಗಿದಾಗ ಇನ್ನೊಂದು ತರಿಸುವ ನಟ್ಟು ಬೋಲ್ಟಿಗೂ ಮೂರು ಪಟ್ಟಿಯ ಶ್ರಮ ಬೇಕಿಲ್ಲ. ಪದ್ಧತಿಯನ್ನು ರೂಪಿಸಿದವರೂ ಎಲ್ಲ ಐಟಂಗೆ ಬಫರ್ ಇಡಿ ಎನ್ನುವುದಿಲ್ಲ. ಕೊರತೆಯಾದರೆ ಇಡೀ ಸರಪಳಿ ನಿಲ್ಲುವ, ಹಲವು ಉತ್ಪನ್ನಗಳಿಗೆ ಬೇಕಾಗುವ ಆಯ್ದ ಜಾಗಗಳಲ್ಲಿ ಮಾತ್ರ ಇಡಿ ಎನ್ನುತ್ತಾರೆ.

ಕೆಂಪು ಪಟ್ಟಿಯ ಲೆಕ್ಕದ ಮೇಲೆ ಗಂಭೀರ ಆಕ್ಷೇಪವೂ ಇದೆ. ಹಳೆಯ ಪದ್ಧತಿಯಲ್ಲಿ ಕಾಪು ಸ್ಟಾಕನ್ನು ಸಂಖ್ಯಾಶಾಸ್ತ್ರದಿಂದ ಕಟ್ಟಬಹುದು. ನೂರರಲ್ಲಿ ತೊಂಬತ್ತೈದು ಸಲ ಕೊರತೆಯಾಗಬಾರದು ಎಂದು ಗುರಿಯಿಟ್ಟರೆ, ಬೇಡಿಕೆಯ ಏರುಪೇರನ್ನು ಅಳೆದು, ಅದಕ್ಕೆ ತಕ್ಕ ಸಂಖ್ಯೆಯನ್ನು ತೆಗೆಯಬಹುದು. ಬಣ್ಣದ ಪದ್ಧತಿಯಲ್ಲಿ ಅರ್ಧ, ಕಾಲು ಎಂಬ ಭಾಗಗಳನ್ನು ಅನುಭವದಿಂದ ಆರಿಸುತ್ತಾರೆ. 300ರ ಕೆಂಪು ಎಷ್ಟು ಭರವಸೆ ಕೊಡುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ನಡೆಸಿ ನೋಡಿ ತಿದ್ದಬೇಕು. ಇನ್ನು ಎರಡೂ ಪದ್ಧತಿಗಳಿಗೆ ಸಮಾನವಾದ ಶತ್ರು ಒಂದಿದೆ: ಕಂಪ್ಯೂಟರಿನಲ್ಲಿ 420, ಕಪಾಟಿನಲ್ಲಿ 260. ಆ ಅಂತರವನ್ನು ಯಾವ ಬಣ್ಣವೂ ತೋರಿಸುವುದಿಲ್ಲ. ಎಣಿಸಿಯೇ ತಿಳಿಯಬೇಕು.

ಬಫರ್ ಸರಿಯಿದೆಯೇ ಎಂದು ತಿಳಿಯಲು ಸಾಫ್ಟ್‌ವೇರ್ ಬೇಕೆಂದಿಲ್ಲ. ಒಂದು ಐಟಂನ ಕಳೆದ ಮೂರು ತಿಂಗಳ ದಿನದ ಸ್ಟಾಕನ್ನು ಲೆಡ್ಜರಿನಿಂದ ತೆಗೆದು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡಿ, ಅದರ ಹಿಂದೆ ಮೂರು ಪಟ್ಟಿ ಎಳೆದರೆ ಸಾಕು. ಚುಕ್ಕಿಗಳು ಒಮ್ಮೆಯೂ ಕೆಂಪನ್ನು ಮುಟ್ಟದಿದ್ದರೆ ಕಾಪು ಅಗತ್ಯಕ್ಕಿಂತ ದೊಡ್ಡದು. ಕೆಂಪಿನ ತಳಕ್ಕೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಕಾಪು ಚಿಕ್ಕದು, ಅಥವಾ ಸಪ್ಲೈಯರ್ ಹೇಳುವ 10 ದಿನ ನಿಜದಲ್ಲಿ 14 ದಿನ. ಒಂದಷ್ಟು ಚುಕ್ಕಿ ತಳದಲ್ಲಿ, ಒಂದಷ್ಟು ಹಸಿರಿನಾಚೆ, ನಡುವೆ ಖಾಲಿ ಎಂದಿದ್ದರೆ ಆ ಐಟಂಗೆ ಹೆದರಿಕೆಯಿಂದ ಆರ್ಡರ್ ಹಾಕುತ್ತಿದ್ದಾರೆ ಎಂದು ತಿಳಿಯಬೇಕು. ಮೊದಲ ಎರಡಕ್ಕೆ ಪಟ್ಟಿಯ ಅಗಲ ತಿದ್ದಬೇಕು ಅಥವಾ ಸಪ್ಲೈಯರ್ ಜೊತೆ ಮಾತಾಡಬೇಕು. ಮೂರನೆಯದಕ್ಕೆ ಅಗಲ ತಿದ್ದಿ ಪ್ರಯೋಜನವಿಲ್ಲ. ಹೊಸ ಆರ್ಡರ್ ಹಾಕುವ ಮುನ್ನ, ಬರಬೇಕಾದ ಮಾಲು ಎಷ್ಟಿದೆ ಎಂದು ನೋಡುವ ಅಭ್ಯಾಸವನ್ನು ತರಬೇಕು.